ನೂರಕ್ಕೆ ಇಪ್ಪತ್ತೈದು ಮತ್ತು ಮಸರಕಲ್ಲಿನ ಹುಡುಗಿ

ರಾಯಚೂರಿನ ಖಾಸಗಿ ಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತಿದ್ದೆ, ನನ್ನ ಗೆಳತಿ ಇಂಗ್ಲಿಷ್. ಶಾಲೆ ಹೈಸ್ಕೂಲು ವಿಭಾಗ ಮುಚ್ಚಿದಾಗ ಇಬ್ಬರೂ ಒಂದೇ ದಿನ ಹೊರಬಿದ್ದೆವು. ಆಕೆ ತವರೂರು ಮಾನ್ವಿಗೆ ಹೋಗಿ, ಅಣ್ಣನ ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಟ್ಯೂಷನ್ ಶುರುಮಾಡಿದಳು. ನಾನು ರಾಯಚೂರಿನಲ್ಲೇ ಉಳಿದು ಆನ್‌ಲೈನ್ ಪಾಠದ ಆಪ್ ಒಂದಕ್ಕೆ ಸೇರಿದೆ.

ಯಾರ ದಾರಿ ಚಲೋ ಎಂಬ ಚರ್ಚೆ ಫೋನಿನಲ್ಲಿ ವಾರಗಟ್ಟಲೆ ನಡೆಯಿತು. ಆಕೆಗೆ ಇಪ್ಪತ್ತೆರಡು ಮಕ್ಕಳು, ತಲೆಗೆ ಐನೂರು. ತಿಂಗಳಿಗೆ ಹನ್ನೊಂದು ಸಾವಿರ, ನಡುವೆ ಯಾರಿಗೂ ಪಾಲಿಲ್ಲ. ಆದರೆ ಪರೀಕ್ಷೆ ಮುಗಿದು ಬೇಸಿಗೆ ಬಂದರೆ ಕೋಣೆ ಖಾಲಿ. ಆ ಎರಡು ತಿಂಗಳು ತುಂಬಿಸಲು ಆಕೆ ಮಕ್ಕಳ ಪೋಷಕರ ನಂಬರ್ ಮಾರುವ ಒಂದು ಸೈಟಿಗೆ ದುಡ್ಡು ಕಟ್ಟಿ ನೋಡಿದ್ದಳು. ಫೋನ್ ಮಾಡುವಷ್ಟರಲ್ಲಿ ಅದೇ ನಂಬರಿಗೆ ಐದಾರು ಮಂದಿ ಮಾಸ್ತರುಗಳು ಮಾತಾಡಿ ಮುಗಿಸಿರುತ್ತಿದ್ದರಂತೆ.

ನನ್ನ ಆಪ್ ಮೊದಲು ದುಡ್ಡು ಕೇಳಲಿಲ್ಲ. ತಾಸಿಗೆ ನಾನೂರು ಎಂದು ಹಾಕಿದ್ದೆ. ಅದರಲ್ಲಿ ನೂರಕ್ಕೆ ಇಪ್ಪತ್ತೈದು ಅವರದು, ಮುನ್ನೂರು ನನ್ನದು. ಮೊದಲ ಪಾಠ ಪುಕ್ಕಟೆ. ಕೇಳಲು ಬಲು ಚೆಂದ. ಒಂಬತ್ತು ಪುಕ್ಕಟೆ ಪಾಠ ಹೇಳಿದ ಮೇಲೆ ನಿಂತವರು ಇಬ್ಬರೇ. ಹೊಸ ಶಿಕ್ಷಕಿಗೆ ಸ್ಟಾರ್ ಇಲ್ಲ, ಸ್ಟಾರ್ ಇಲ್ಲದವರು ಪಟ್ಟಿಯ ತಳದಲ್ಲಿ, ತಳದವರೆಗೆ ಯಾರೂ ಇಳಿಯುವುದಿಲ್ಲ.

ಆ ಇಬ್ಬರಲ್ಲಿ ಒಬ್ಬಳು ಪಿಯುಸಿ ಮೊದಲ ವರ್ಷದ ಹುಡುಗಿ. ಆಪಿನಲ್ಲಿ ಹೆಸರಷ್ಟೇ ಕಾಣುತ್ತದೆ, ಊರಾಗಲಿ ಫೋನಾಗಲಿ ಇಲ್ಲ. ಆಕೆ ಯಾವುದೋ ದೊಡ್ಡ ಶಹರದವಳೆಂದು ನಾನು, ನಾನೂ ಹಾಗೇ ಎಂದು ಆಕೆ ತಿಳಿದು, ಇಬ್ಬರೂ ಬಿಗಿಯಾದ ಇಂಗ್ಲಿಷಿನಲ್ಲಿ ಎರಡು ಪಾಠ ಮುಗಿಸಿದೆವು. ಮೂರನೆಯ ದಿನ ತ್ರಿಕೋನಮಿತಿಯ ಒಂದು ಸೂತ್ರ ಎಷ್ಟು ಸಲ ಹೇಳಿದರೂ ಆಕೆಯ ತಲೆಗೆ ಹತ್ತಲಿಲ್ಲ. ಹಿಂದಿನಿಂದ ಕುರಿಗಳ ಅರಚಾಟ. ಹುಡುಗಿ ಪೆನ್ನು ಇಟ್ಟು ಮೆಲ್ಲಗೆ ಅಂದಳು:

"ತಿಳೀವಲ್ದುರೀ ಮೇಡಂ."

ನಮ್ಮ ಕಡೆಯದೇ ಮಾತು ಕೇಳಿ ಖುಷಿಗೆ ನಾನು ನಕ್ಕುಬಿಟ್ಟೆ. ಯಾವೂರು ಎಂದು ಕೇಳಿದರೆ ದೇವದುರ್ಗದ ಹತ್ತಿರದ ಮಸರಕಲ್! ಅಲ್ಲಿಂದ ಬಸ್ಸು ಹತ್ತಿದರೆ ಅದೇ ದಿನ ನಮ್ಮ ಮನೆಗೆ ಬಂದು ಹೋಗಬಹುದು. ಅಂದಿನಿಂದ ಪಾಠ ಕನ್ನಡದಲ್ಲೇ ಸಾಗಿತು. ಸೂತ್ರವೂ ತಲೆಗೆ ಹೋಯಿತು.

ಆಕೆಯ ಅಪ್ಪ ಕುರಿ ಸಾಕುವವರು. ಟಗರು ಮಾರಿ ಮಗಳಿಗೆ ಇಪ್ಪತ್ತು ತಾಸಿನ ಪಾಠಕ್ಕೆ ಎಂಟು ಸಾವಿರ ಕಟ್ಟಿದ್ದರು. ನಾನು ಇಲ್ಲಿಯವಳೇ ಎಂದು ತಿಳಿದ ಮೇಲೆ ಒಂದು ಸಂಜೆ ಅವರೇ ಫೋನಿನ ಮುಂದೆ ಕೂತರು.

"ನೀವೂ ಇಲ್ಲೇ, ನಾವೂ ಇಲ್ಲೇ. ನಡುವಿನವರಿಗೆ ಎರಡು ಸಾವಿರ ಯಾಕ ಹೋಗಬೇಕ್ರೀ? ನನ್ನ ನಂಬರ್ ಬರಕೋರ್ರಿ."

ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆಪಿನಲ್ಲಿ ಸಿಕ್ಕ ವಿದ್ಯಾರ್ಥಿಯನ್ನು ಹೊರಗೆ ಕರೆದೊಯ್ಯುವುದಿಲ್ಲ ಎಂಬ ಕರಾರಿಗೆ ನಾನು ಒಪ್ಪಿದ್ದೆ. ಮೀರಿದರೆ ಖಾತೆ ಬಂದ್, ಕಷ್ಟಪಟ್ಟು ಗಳಿಸಿದ ನಾಲ್ಕು ಸ್ಟಾರೂ ಹೋದಂತೆ. ಅದನ್ನೇ ಹೇಳಿದೆ. ಅವರು ತಲೆಯಾಡಿಸಿದರು.

"ಮಾತು ಕೊಟ್ಟೀರಿ, ಬಿಡ್ರಿ. ಆದ್ರ ಆಪ್ ಗೊತ್ತಿಲ್ಲದ ಹುಡುಗ್ರು ನಮ್ಮ ಕಡೆ ಭಾಳ ಅದಾರ. ಅವರಿಗೆ ಕಲಿಸಾಕ ಯಾರು ಬ್ಯಾಡ ಅಂತಾರ?"

ಇದು ನನಗೆ ಹೊಳೆದೇ ಇರಲಿಲ್ಲ. ಮಾನ್ವಿಯ ಗೆಳತಿಗೆ ಹೇಳಿದೆ. ಆಕೆ ಲೆಕ್ಕ ಹಾಕುವ ಮೊದಲೇ, ಭಾನುವಾರ ತನಗೆ ಬಿಡುವೆಂದಳು. ಹದಿನೈದು ದಿನದಲ್ಲಿ ದೇವದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದೆವು. ಕುರಿಯ ಸಂತೆಯಲ್ಲಿ ಸಿಕ್ಕವರಿಗೆಲ್ಲ ಆ ಅಪ್ಪ ಹೇಳಿಬಂದಿದ್ದರು. ಮೊದಲ ಭಾನುವಾರ ಹದಿನಾಲ್ಕು ಮಕ್ಕಳು ಬಂದರು. ತಲೆಗೆ ತಿಂಗಳಿಗೆ ನಾನೂರರಂತೆ ಐದು ಸಾವಿರದ ಆರುನೂರು. ಬಾಡಿಗೆ, ಬಸ್ಸಿನ ಖರ್ಚು ತೆಗೆದು ಉಳಿದದ್ದು ಇಬ್ಬರಿಗೂ ಸಮಪಾಲು. ದೊಡ್ಡ ಮೊತ್ತವೇನಲ್ಲ. ಆದರೆ ಬೇಸಿಗೆಯಲ್ಲಿ ಇಲ್ಲಿ ಮಕ್ಕಳು ಕಡಿಮೆಯಾದಾಗ ಆಪಿನಲ್ಲಿ ಇನ್ನೂ ಶಾಲೆ ನಡೆಯುತ್ತಿರುವ ಬೇರೆ ರಾಜ್ಯದ ಮಕ್ಕಳು ಸಿಗುತ್ತಾರೆಂದು ಗೆಳತಿಯನ್ನೂ ಅಲ್ಲಿ ಸೇರಿಸಿದೆ. ಆಕೆ ಪುಕ್ಕಟೆ ಪಾಠಗಳನ್ನು ಬೈಯುತ್ತಲೇ ಹೇಳಿ ಮುಗಿಸಿದಳು.

ಮಸರಕಲ್ಲಿನ ಹುಡುಗಿಯ ಇಪ್ಪತ್ತು ತಾಸು ಮುಗಿದಾಗ, ಇನ್ನು ಪಾಠ ಸಾಕೆನ್ನುತ್ತಾಳೆ ಅಂದುಕೊಂಡೆ. ಆದರೆ ಅಪ್ಪ ಆಪಿನಲ್ಲೇ ಇನ್ನೂ ಹತ್ತು ತಾಸಿಗೆ ಕಟ್ಟಿದ್ದರು. ಯಾಕೆಂದು ಕೇಳಿದೆ.

"ಕಾಲೇಜಿನ್ಯಾಗ ಮಂದಿ ನಡುವ ಕುಂತ್ರ, ತಿಳೀದಿದ್ರೂ ಒಂದು ಸಲ ಅಷ್ಟ ಕೇಳ್ತೀನ್ರೀ," ಅಂದಳು ಹುಡುಗಿ. "ಇಲ್ಲಿ ಹತ್ತು ಸಲ ಕೇಳಿದ್ರೂ ಯಾರೂ ನಗಂಗಿಲ್ಲ."