ಕೊಂಡಿಗೆ ಅಂಟಿದ ಅಯಸ್ಕಾಂತ

ಹೊಲಿಗೆ ಟೀಚರ್ ಬಂದರೆಂದರೆ ಆ ಬೀದಿಯ ಹೆಂಗಸರು ಸೆರಗು ಎಳೆದು ಕತ್ತಿನ ಸರ ಮುಚ್ಚಿಕೊಳ್ಳುತ್ತಿದ್ದರು. ಕಳ್ಳರ ಭಯವಲ್ಲ, ಟೀಚರ್ ಭಯ. ಅವರ ಬ್ಲೌಸಿನ ಒಳಜೇಬಿನಲ್ಲಿ ದಾರಕ್ಕೆ ಕಟ್ಟಿದ ಒಂದು ಅಯಸ್ಕಾಂತ ಸದಾ ಇರುತ್ತಿತ್ತು. ಹೊಲಿಗೆ ಕ್ಲಾಸಿನಲ್ಲಿ ನೆಲಕ್ಕೆ ಬಿದ್ದ ಗುಂಡುಸೂಜಿ ಹೆಕ್ಕಲು ಕೊಂಡಿದ್ದು ಅದು. ಒಂದು ದಿನ ಬಗ್ಗಿ ಸೂಜಿ ಹೆಕ್ಕುವಾಗ ವಿದ್ಯಾರ್ಥಿನಿಯೊಬ್ಬಳ ಕಾಲ್ಗೆಜ್ಜೆಯೂ ಎದ್ದು ಬಂದು ಅಂಟಿಕೊಂಡಿತು. ಬೆಳ್ಳಿ ಎಂದು ನಂಬಿದ್ದ ಗೆಜ್ಜೆ. ಆ ಹುಡುಗಿ ಅತ್ತಳು, ಟೀಚರಿಗೆ ಮಾತ್ರ ಹೊಸ ಕಸುಬು ಸಿಕ್ಕಿತು.

ಅಲ್ಲಿಂದ ಮುಂದೆ ಸೂಜಿಗೆ ದಾರ ಪೋಣಿಸುವುದಕ್ಕಿಂತ ಊರವರ ಚಿನ್ನಕ್ಕೆ ಹೆಸರಿಡುವುದರಲ್ಲೇ ಅವರಿಗೆ ಹುರುಪು. ವಿನೆಗರ್ ಹನಿ ಹಾಕಿ ಬಣ್ಣ ಕೆಡುತ್ತದೆಯೇ ನೋಡುವರು. ಬೆರಳಲ್ಲಿ ಹಸಿರು ಕಲೆ ಕಂಡರೆ "ಹಿತ್ತಾಳೆ!" ಎಂದು ಘೋಷಿಸುವರು, ತಾಮ್ರ ಹೆಚ್ಚು ಬೆರೆತ ಕಡಿಮೆ ಕ್ಯಾರೆಟ್ಟಿನ ಅಸಲಿ ಚಿನ್ನವೂ ಬೆವರಿಗೆ ಚರ್ಮ ಕಪ್ಪಾಗಿಸುತ್ತದೆ, ಹಸಿರಾಗಿಸುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಿಸದವರಂತೆ ಇರುವರು. ಒಮ್ಮೆ ಪಕ್ಕದ ಮನೆಯಾಕೆಯ ಉಂಗುರವನ್ನು ಬಚ್ಚಲಿನ ಟೈಲ್ಸಿನ ಹಿಂಬದಿಗೆ ಗೀರಿ ನೋಡಿದರು. ಗೆರೆ ಹಳದಿಯಾಗೇ ಬಂತು, ಚಿನ್ನ ಸರಿಯಾಗೇ ಇತ್ತು. ಆದರೆ ಉಂಗುರದ ಮೇಲೆ ಬಿದ್ದ ಗೀರು ಹೋಗಲಿಲ್ಲ, ಪಕ್ಕದ ಮನೆಯಾಕೆಯ ಮುನಿಸೂ ಹೋಗಲಿಲ್ಲ. ಟೀಚರ್ ಮಾತ್ರ, "ಅಸಲಿ ಅಂತ ಗೊತ್ತಾಯ್ತಲ್ಲ, ಖುಷಿಪಡಿ" ಎಂದು ಮನೆಗೆ ಬಂದು ನಿದ್ದೆ ಮಾಡಿದರು. ಅವರ ಜಾತಿಯೇ ಹಾಗೆ, ಹುಣ್ಣು ಮಾಡಿದವರೇ ಮುಲಾಮಿನ ಬಗ್ಗೆ ಉಪದೇಶ ಕೊಡುವ ಜಾತಿ.

ಇಂಥವರಿಗೂ ಒಬ್ಬ ತಾಯಿ ಇದ್ದರು. ಹಲ್ಲೆಲ್ಲ ಹೋಗಿ ನಾಲಿಗೆ ಮಾತ್ರ ಉಳಿದಿದ್ದ ಮುದುಕಿ. ಟೀಚರ ತಂಗಿಯ ಮನೆಯಲ್ಲಿ ಇರುತ್ತಿದ್ದರು. ತಂಗಿ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು, ಬೆಳಿಗ್ಗೆ ಅಮ್ಮನಿಗೆ ಸ್ನಾನ ಮಾಡಿಸಿ ಓಡಿದರೆ ಸಂಜೆ ಓಡಿಬರುವಳು. ಚಿಕ್ಕಂದಿನಿಂದ ಅಕ್ಕನ ಹಳೇ ಫ್ರಾಕು ಕತ್ತರಿಸಿ ಹೊಲಿದದ್ದನ್ನೇ ತೊಟ್ಟವಳು ಅವಳು. ಅಕ್ಕನನ್ನು ಓದಿಸಿದರು, ನನಗೆ ಉಳಿದ ಬಟ್ಟೆ ಕೊಟ್ಟರು ಎಂಬ ನೋವು ಅವಳಿಗೆ ಇತ್ತು. ಬಾಯಿಬಿಟ್ಟು ಹೇಳಿದವಳಲ್ಲ, ಅಷ್ಟೇ.

ಒಂದು ಭಾನುವಾರ ಅಮ್ಮ ಇಬ್ಬರನ್ನೂ ಅಡುಗೆಮನೆಯ ಮೇಜಿನ ಎದುರು ಕೂರಿಸಿದರು. ಕರವಸ್ತ್ರ ಬಿಚ್ಚಿ ಎರಡು ಒಡವೆ ಇಟ್ಟರು. ಒಂದು ದಪ್ಪನೆಯ ಬಳೆ, ಒಂದು ಎಳೆಯಂಥ ಸರ.

"ನಾನಿನ್ನೆಷ್ಟು ದಿನ ಇರ್ತೀನೋ. ಒಬ್ಬೊಬ್ರಿಗೆ ಒಂದೊಂದು. ದೊಡ್ಡೋಳೇ, ಊರಿನ ಚಿನ್ನಾನೆಲ್ಲ ನೋಡ್ತೀಯಲ್ಲ, ಇದನ್ನೂ ನೋಡಿ ಮೊದಲು ನೀನೇ ಆರಿಸ್ಕೋ."

ಟೀಚರಿಗೆ ಇಷ್ಟು ಸಾಕಾಗಿತ್ತು. ದಾರ ಎಳೆದು ಅಯಸ್ಕಾಂತ ಹೊರಗೆ ತೆಗೆದರು. ಸರದ ತುದಿಯನ್ನು ಹಿಡಿದೆತ್ತಿ ಹತ್ತಿರ ತಂದರು. ಟಕ್ ಎಂದು ಕೊಂಡಿ ಹಾರಿಬಂದು ಅಂಟಿಕೊಂಡಿತು.

ತಂಗಿಯ ಮುಖ ಬಿಳುಚಿತು.

"ಅಂಟಿತು!" ಎಂದರು ಟೀಚರ್. ಮರುಕವನ್ನು ಬೆರೆಸಲು ನೋಡಿದರು, ದನಿಯಲ್ಲಿ ಹಿಗ್ಗೇ ಮೇಲೆದ್ದಿತು. ಸರದ ಉಳಿದ ಭಾಗಕ್ಕೆ ಅಯಸ್ಕಾಂತ ತೋರಿಸುವ ಗೋಜಿಗೇ ಹೋಗಲಿಲ್ಲ, ಗೆದ್ದಮೇಲೆ ಯಾರು ಮತ್ತೆ ಓಡುತ್ತಾರೆ? ಬಳೆಗೆ ಹಿಡಿದರು, ಅಲುಗಲಿಲ್ಲ. ವಿನೆಗರ್ ಹನಿಸಿದರು, ಬಣ್ಣ ಕೆಡಲಿಲ್ಲ. ಒಳಬದಿಯಲ್ಲಿ ೯೧೬ ಎಂಬ ಮುದ್ರೆ ಇತ್ತು, ಅಂದರೆ ಸಾವಿರಕ್ಕೆ ಒಂಬೈನೂರ ಹದಿನಾರು ಪಾಲು ಚಿನ್ನ, ಇಪ್ಪತ್ತೆರಡು ಕ್ಯಾರೆಟ್ಟು. ಮುದ್ರೆಯ ಪಕ್ಕ ಅಂಚು ಸವೆದು ಅಲ್ಲೊಂದಿಷ್ಟು ಬೇರೆ ಬಣ್ಣ ಕಾಣುತ್ತಿತ್ತು. ಬೇರೆಯವರ ಬಳೆಯಾಗಿದ್ದರೆ ಟೀಚರ್ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಇದು ತಮಗೆ ಸಿಗುವ ಬಳೆ, ಆದ್ದರಿಂದ, "ಸೋಪಿನ ಕೊಳೆ" ಎಂದು ಸೆರಗಿನಿಂದ ಒರೆಸಿ ಕೈಗೆ ಹಾಕಿಕೊಂಡರು.

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ, ಹಳದಿ ಇರೋದೆಲ್ಲ ಚಿನ್ನ ಅಲ್ಲ" ಎಂದು ತಂಗಿಯ ಬೆನ್ನು ತಟ್ಟಿದರು. "ಪರವಾಗಿಲ್ಲ, ಅಮ್ಮನ ನೆನಪಿಗೆ ಇಟ್ಕೋ."

ಅಮ್ಮ ತುಟಿ ಒಳಗೆಳೆದುಕೊಂಡು ಕಿಟಕಿ ನೋಡುತ್ತಿದ್ದರು. ನಗು ತಡೆದುಕೊಳ್ಳಲು ಹಲ್ಲಿಲ್ಲದ ಬಾಯಿ ಬಹಳ ಅನುಕೂಲ.

ಟೀಚರ್ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ತಂಗಿ ಬಾಗಿಲ ತನಕ ಬಂದಳು. ಆ ಸರ ಅವಳ ಮುಷ್ಟಿಯಲ್ಲಿತ್ತು.

"ಅಕ್ಕಾ, ಅಮ್ಮ ಗೊತ್ತಿದ್ದೇ ಕೊಟ್ಳಾ? ದಿನಾ ಅವಳ ಬೆನ್ನು ಉಜ್ಜೋಳು ನಾನು. ನನಗೆ ತಗಡು, ನಿನಗೆ ಚಿನ್ನ. ಇನ್ಮೇಲೆ ಅವಳ ಮುಖ ಹೇಗೆ ನೋಡ್ಲಿ ನಾನು?"

ಅಷ್ಟು ಹೇಳಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಟೀಚರ ಕರುಳು ಚುರ್ ಎಂದಿತು. ಬೀದಿಯ ಹೆಂಗಸರು ಅತ್ತಾಗ ಇಷ್ಟು ವರ್ಷ ಒಮ್ಮೆಯೂ ಹಾಗೆ ಆಗಿರಲಿಲ್ಲ.

ಮನೆಗೆ ಬಂದು, ತಮ್ಮ ಬಳೆ ಎಷ್ಟು ಶುದ್ಧವೆಂದಾದರೂ ನೋಡಿ ಸಮಾಧಾನಪಡೋಣ ಎಂದು ಕೊನೆಯ ಪರೀಕ್ಷೆಗೆ ಕೂತರು. ಮಣಿ ತೂಗುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಇತ್ತು. ಬಳೆ ಇಪ್ಪತ್ತಾರು ಗ್ರಾಂ ತೂಗಿತು. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಅಂಕಿಯನ್ನು ಸೊನ್ನೆಗೆ ತಂದರು. ಬಳೆಯನ್ನು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕೂ ಅಂಚಿಗೂ ತಾಗದಂತೆ ಇಳಿಬಿಟ್ಟರು. ಬಳೆ ಪಕ್ಕಕ್ಕೆ ತಳ್ಳಿದ ನೀರಿನ ತೂಕವೇ ತಕ್ಕಡಿಯಲ್ಲಿ ಕಾಣುತ್ತದೆ. ಬಳೆಯ ತೂಕವನ್ನು ಅದರಿಂದ ಭಾಗಿಸಿದರೆ ಇಪ್ಪತ್ತೆರಡು ಕ್ಯಾರೆಟ್ಟಿನ ಗಟ್ಟಿ ಚಿನ್ನಕ್ಕೆ ಹದಿನೇಳೂಮುಕ್ಕಾಲರ ಆಸುಪಾಸು ಬರಬೇಕು. ಅಂದರೆ ತಕ್ಕಡಿ ಒಂದೂವರೆ ಗ್ರಾಂ ತೋರಿಸಬೇಕಿತ್ತು.

ಮೂರು ತೋರಿಸಿತು.

ದಾರ ಬಿಗಿದು ಮತ್ತೆ ಇಳಿಬಿಟ್ಟರು. ಮೂರೇ. ಭಾಗಿಸಿದರೆ ಒಂಬತ್ತೂ ಇಲ್ಲ, ಹಿತ್ತಾಳೆಯ ನೆರೆಹೊರೆ. ಆದರೆ ವಕೀಲರಿಗಿಂತ ಚುರುಕಾಗಿ ಮನಸ್ಸು ವಾದ ಹುಡುಕಿತು: ಬಳೆ ಟೊಳ್ಳಾಗಿದ್ದರೆ, ಒಳಗೆ ಅರಗು ತುಂಬಿದ್ದರೆ, ಹೊರಗಿನ ಚಿನ್ನ ಅಸಲಿಯಾಗಿದ್ದರೂ ಲೆಕ್ಕ ಕೆಳಗಿಳಿಯುತ್ತದೆ. ಅದು ನಿಜವೂ ಹೌದು. ನೀರು ಹೇಳುವುದು ಇಡೀ ವಸ್ತು ಎಷ್ಟು ದಟ್ಟ ಎಂದು ಮಾತ್ರ, ಒಳಗೆ ಏನಿದೆ ಎಂದಲ್ಲ. ಟಂಗ್‌ಸ್ಟನ್ ಎಂಬ ಲೋಹ ಹೆಚ್ಚುಕಡಿಮೆ ಅಪರಂಜಿಯಷ್ಟೇ ದಟ್ಟ, ಅದಕ್ಕೆ ಚಿನ್ನದ ಹೊದಿಕೆ ಹಾಕಿದರೆ ನೀರೂ ಮೋಸ ಹೋಗುತ್ತದೆ. ಇಷ್ಟು ವರ್ಷ ಬೇರೆಯವರಿಗೆ ಹೇಳದೆ ನುಂಗಿಕೊಂಡ ತಿಳಿವಳಿಕೆಯನ್ನೆಲ್ಲ ಟೀಚರ್ ಈಗ ತಮಗೇ ಹೇಳಿಕೊಂಡರು.

ಸುಮ್ಮನಿದ್ದುಬಿಡಬಹುದಿತ್ತು. ಬಳೆ ಕೈಯಲ್ಲಿ ಹೊಳೆಯುತ್ತಿತ್ತು, ಬೀದಿಯಲ್ಲಿ ಹೆಸರಿತ್ತು. ತಂಗಿಯ ಕಣ್ಣೀರು ಬಿಡಲಿಲ್ಲ. ಎರಡೂ ನಕಲಿ ಎಂದಾದರೆ ಕನಿಷ್ಠ ಅಮ್ಮ ಭೇದ ಮಾಡಲಿಲ್ಲ ಎಂದಾಗುತ್ತದೆ ಎಂದುಕೊಂಡು ಮರುದಿನ ತಂಗಿಯನ್ನು ಎಬ್ಬಿಸಿಕೊಂಡು ಅಕ್ಕಸಾಲಿಯ ಅಂಗಡಿಗೆ ಹೊರಟರು. ಅಮ್ಮ, "ನಾನೂ ಬರ್ತೀನಿ" ಎಂದು ಕೋಲು ಹಿಡಿದು ನಿಂತರು. ಮಂಡಿನೋವು ಎಂದು ಆಸ್ಪತ್ರೆಗೂ ಬರದ ಮುದುಕಿ!

ಅಕ್ಕಸಾಲಿ ಮಾತಿನ ಮಲ್ಲ. ಟೀಚರನ್ನೂ ತಂಗಿಯ ಕೈಯ ಸರವನ್ನೂ ನೋಡಿ ಕನ್ನಡಕ ಹಣೆಗೇರಿಸಿದ.

"ಓಹೋ, ನನ್ನ ಗಿರಾಕಿಗಳನ್ನೆಲ್ಲ ಅಳಿಸೋ ಟೀಚರ್! ಬನ್ನಿ. ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತಾರೆ, ನೀವು ತಂಗಿ ಚಿನ್ನಾನೂ ಬಿಡಲಿಲ್ವಾ?"

"ಬಾಯಿ ಸಾಕು, ಕೈ ಓಡಿಸಪ್ಪ" ಎಂದರು ಅಮ್ಮ.

ಅವನು ಸರವನ್ನು ಒರೆಗಲ್ಲಿಗೆ ಉಜ್ಜಿದ, ಪಕ್ಕದಲ್ಲಿ ತನ್ನ ಮಾದರಿ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ ಎಳೆದ, ಎರಡಕ್ಕೂ ಆಸಿಡ್ ಹನಿಸಿದ. ಎರಡೂ ಗೆರೆ ಅಕ್ಕತಂಗಿಯರಂತೆ ಹಾಗೇ ಉಳಿದವು. "ಇಪ್ಪತ್ತೆರಡರ ಹತ್ತಿರ. ಕರಾರುವಾಕ್ಕಾಗಿ ಹೇಳಬೇಕಂದ್ರೆ ಮೆಷಿನ್‌ಗೆ ಇಡಬೇಕು, ಇಲ್ಲ ಕರಗಿಸಬೇಕು. ಆದರೆ ಚಿನ್ನ, ಅನುಮಾನ ಇಲ್ಲ."

"ಅಯಸ್ಕಾಂತಕ್ಕೆ ಅಂಟಿತಲ್ಲಪ್ಪ!" ಎಂದರು ಟೀಚರ್.

"ಎಲ್ಲಿ ಅಂಟಿತು? ಕೊಂಡೀಲಿ ತಾನೆ?" ಅವನು ಕೊಂಡಿಯ ಗುಬುಟನ್ನು ಉಗುರಿನಿಂದ ಹಿಂದಕ್ಕೆ ಸರಿಸಿ ಬಿಟ್ಟ. ಚಟಕ್ ಎಂದು ಮುಚ್ಚಿಕೊಂಡಿತು. "ಇದನ್ನ ಮತ್ತೆ ಮುಂದಕ್ಕೆ ನೂಕೋದು ಒಳಗಿರೋ ಸ್ಪ್ರಿಂಗು. ಚಿನ್ನ ಮೆತ್ತಗೆ, ಅದಕ್ಕೆ ಅಷ್ಟು ಬಿಗಿ ಬರಲ್ಲ. ಅದಕ್ಕೇ ಕೂದಲೆಳೆಯಷ್ಟು ಉಕ್ಕು ಹಾಕಿರ್ತಾರೆ. ಸರಕ್ಕೆ ಹಿಡಿದು ನೋಡಿದ್ರಾ?"

ಟೀಚರ್ ಅಯಸ್ಕಾಂತ ತೆಗೆದು ಸರದ ಎಳೆಗೆ ಹಿಡಿದರು, ಅಲುಗಲಿಲ್ಲ. ತಂಗಿ ಸರವನ್ನೂ ಅಮ್ಮನನ್ನೂ ಒಂದೊಂದು ಸಲ ನೋಡಿದಳು. ಅವಳ ಮುಖದ ಮೇಲಿಂದ ರಾತ್ರಿಯ ದುಃಖವೆಲ್ಲ ಇಳಿದುಹೋಯಿತು.

"ನನ್ನ ಬಳೆ?" ಟೀಚರ ದನಿ ದಾರದಷ್ಟಾಗಿತ್ತು.

ಅವನು ಅನುಮತಿ ಕೇಳಿ ಒಳಬದಿಯಲ್ಲಿ ಅರದಿಂದ ಸಣ್ಣದಾಗಿ ಉಜ್ಜಿದ. ಮೇಲಿನ ಪದರ ದಾಟಿದ ಜಾಗಕ್ಕೆ ಒಂದು ಹನಿ ಆಸಿಡ್ ಬಿಟ್ಟ. ಬುಸುಬುಸು ಹಸಿರು ನೊರೆ ಎದ್ದಿತು.

"ಹಿತ್ತಾಳೆ ಮೇಲೆ ಚಿನ್ನದ ನೀರು. ಅಯಸ್ಕಾಂತ ಹಿಡಿಯೋದು ಕಬ್ಬಿಣದ ಜಾತೀನ ಮಾತ್ರ, ಹಿತ್ತಾಳೆ ತಾಮ್ರ ಅದರ ಎದುರಿಗೆ ಸಭ್ಯವಾಗೇ ಇರ್ತವೆ. ನಿಮ್ಮ ವಿನೆಗರ್ ಮೇಲಿನ ನೀರಿಗೆ ಬಿತ್ತು, ಒಳಗೆ ಇಳೀಲೇ ಇಲ್ಲ."

"ಮುದ್ರೆ ಇದೆಯಲ್ಲಪ್ಪ, ಮುದ್ರೆ!"

"ಸುತ್ತಿಗೆ ಇರೋರೆಲ್ಲ ನಂಬರ್ ಹೊಡೀಬಹುದು ಟೀಚರ್."

ಟೀಚರ್ ತಿರುಗಿ ಅಮ್ಮನನ್ನು ನೋಡಿದರು. ಮುದುಕಿ ಈಗ ತುಟಿ ಒಳಗೆಳೆದುಕೊಳ್ಳುವ ಶ್ರಮವನ್ನೂ ಬಿಟ್ಟು ಮೈಕುಲುಕಿ ನಗುತ್ತಿದ್ದರು.

"ನಿನಗೆ ಗೊತ್ತಿತ್ತು!"

"ಕೊಂಡಿ ಅಂಟುತ್ತೆ ಅಂತಾನೂ ಗೊತ್ತಿತ್ತು. ಹೋದ ಹಬ್ಬಕ್ಕೆ ಬಂದವಳು ನೀನು ಸ್ನಾನಕ್ಕೆ ಹೋದಾಗ ನಿನ್ನ ಅಯಸ್ಕಾಂತಾನೇ ತಗೊಂಡು ನೋಡಿದ್ದೆ" ಎಂದರು ಅಮ್ಮ. "ಸರ ಚಿಕ್ಕೋಳಿಗೆ ಅಂತ ನೇರ ಹೇಳಿದ್ರೆ ನೀನು ಬಿಡ್ತಿದ್ಯಾ? ಪಾಪ, ಇವಳು ಅಳ್ತಾಳೆ ಅಂತ ಮಾತ್ರ ಹೊಳೀಲಿಲ್ಲ ನನಗೆ."

"ಅಮ್ಮಾ, ನನಗೆ ಮೋಸ ಮಾಡಿದ್ಯಲ್ಲ! ಅಸಲಿ ಬಳೆ ಎಲ್ಲಿ ಹೋಯ್ತು?"

ಅಮ್ಮನ ನಗು ನಿಂತಿತು. ಕೋಲನ್ನು ಗೋಡೆಗೆ ಒರಗಿಸಿ ಮಗಳ ಕೈ ಹಿಡಿದುಕೊಂಡರು. ಆ ಕೈಯ ತೋರುಬೆರಳಲ್ಲಿ ಸೂಜಿ ಚುಚ್ಚಿ ಚುಚ್ಚಿ ಚರ್ಮ ಗಟ್ಟಿಯಾಗಿತ್ತು.

"ನಿನ್ನ ಹೊಲಿಗೆ ಸ್ಕೂಲಿಗೆ ಫೀಸು ಎಲ್ಲಿಂದ ಬಂತು ಅಂದ್ಕೊಂಡಿದ್ದೆ? ನಿಮ್ಮಪ್ಪ ಒಂದು ಬಟನ್ನೂ ಕೊಡಲಿಲ್ಲ. ನಿನ್ನ ಬಳೆ ಅವತ್ತೇ ನಿನಗೆ ಕೊಟ್ಟಾಯ್ತು ಕಣೇ. ಜನ ಕೇಳ್ತಾರೆ ಅಂತ ಇದನ್ನ ಹಾಕ್ಕೊಂಡೆ, ಬಣ್ಣ ಹೋದಾಗೆಲ್ಲ ನೀರು ಹಾಕಿಸ್ದೆ. ಇವಳಿಗೆ ಅಂತ ನಾನು ಮಾರಿದ್ದು ಏನೂ ಇಲ್ಲ. ಅದಕ್ಕೇ ಸರ ಇವಳಿಗೆ."

ಅಕ್ಕಸಾಲಿ ಸ್ಟೂಲೊಂದನ್ನು ಮುಂದಕ್ಕೆ ತಳ್ಳಿದ. ತಂಗಿ ಅಕ್ಕನ ತೋಳು ಹಿಡಿದುಕೊಂಡಳು. ಟೀಚರ್ ಗಲ್ಲಾಪೆಟ್ಟಿಗೆಯ ಮೇಲಿದ್ದ ಬಳೆಯನ್ನು ತೆಗೆದುಕೊಂಡು, ಅರ ಉಜ್ಜಿದ ಗಾಯವನ್ನು ಸೆರಗಿನಿಂದ ಒರೆಸಿ, ಮತ್ತೆ ಕೈಗೆ ಏರಿಸಿದರು. ಏರಿಸಿದವರು ಅಲ್ಲೇ ಸ್ಟೂಲಿನ ಮೇಲೆ ಕೂತು, ಬೀದಿಯ ಯಾವ ಹೆಂಗಸೂ ಅವರೆದುರು ಅತ್ತಿರದಷ್ಟು ಗಟ್ಟಿಯಾಗಿ ಅತ್ತುಬಿಟ್ಟರು.

"ಆ ಕಡೆ ತಿರುಗಿ ಅಳೇ" ಎಂದರು ಅಮ್ಮ, ಅವರ ಕಣ್ಣೂ ತುಂಬಿತ್ತು. "ಉಪ್ಪುನೀರು ಬಿದ್ರೆ ಹಿತ್ತಾಳೆ ಹಸಿರಾಗುತ್ತೆ."