ಕತ್ತರಿ ಅಕ್ಕನ ಒಂದು ಪುಟ

ಸಾಬೂನು ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿ ಕೂರುವ ಆಕೆಗೆ ಕತ್ತರಿ ಅಕ್ಕ ಎಂದು ಹೆಸರಿಟ್ಟವನು ನಾನೇ. ಹೊಟ್ಟೆ ಉರಿದು ಇಟ್ಟ ಹೆಸರು. ಗೋದಾಮಿನ ಮೇಲ್ವಿಚಾರಕನಾದ ನಾನು ಬೆರಳು ತರಚಿದರೂ ಹತ್ತು ಪುಟ ವರದಿ ಬರೆಯುವವನು. ಅದನ್ನು ಆಕೆ ಸುರಕ್ಷತಾ ಸಮಿತಿಗಾಗಿ ಒಂದೇ ಪುಟಕ್ಕೆ ಇಳಿಸುತ್ತಾಳೆ. ಯಾವಾಗ ಏನಾಯಿತು, ಯಾಕಾಯಿತು, ಮತ್ತೆ ಆಗದಂತೆ ಯಾರು ಏನು ಮಾಡಬೇಕು, ಇಷ್ಟು ಉಳಿಯುತ್ತದೆ. ನನ್ನ ವರ್ಣನೆಗಳೆಲ್ಲ ಕಸದ ಬುಟ್ಟಿಗೆ.

ಮನೆಯಲ್ಲೂ ಹಾಗೆಯೇ. ಅತ್ತೆ ಗಂಟೆಗಟ್ಟಲೆ ಫೋನಿನಲ್ಲಿ ಮಾತಾಡಿ ಬಂದು ಸುದ್ದಿ ಹೇಳತೊಡಗಿದರೆ, "ಅವರ ಮಗಳಿಗೆ ಕೆಲಸ ಸಿಕ್ತು, ಅಷ್ಟೇ ತಾನೆ ಅತ್ತೆ?" ಎನ್ನುತ್ತಾಳಂತೆ. ಅತ್ತೆಯೇನು ಕಮ್ಮಿಯೇ? "ನಿನ್ನ ಕೈಗೆ ಕೊಟ್ರೆ ನನ್ನ ಆಯಸ್ಸನ್ನೂ ಕತ್ತರಿಸಿ ಇಡ್ತೀಯ ಕಣೇ!" ಆಮೇಲೆ ಇಬ್ಬರೂ ಬಿದ್ದು ಬಿದ್ದು ನಗುತ್ತಾರಂತೆ.

ಹೋದ ವರ್ಷ ನಮ್ಮ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಜಾರಿತು. ಓಡಿಸುತ್ತಿದ್ದವನು ಗುಂಡ, ಕಡ್ಡಿಯಂತಿರುವುದರಿಂದಲೇ ಅವನಿಗೆ ಆ ಹೆಸರು. ಒದ್ದೆ ನೆಲದ ತಿರುವಿನಲ್ಲಿ ಚಕ್ರ ಜಾರಿ ಪೆಟ್ಟಿಗೆಗಳ ರಾಶಿ ಉರುಳಿತು, ಪ್ಯಾಕಿಂಗ್‌ನ ಹೆಂಗಸೊಬ್ಬಳ ಪಾದ ಉಳುಕಿತು. ಪುಣ್ಯಕ್ಕೆ ಅಷ್ಟಕ್ಕೇ ಮುಗಿಯಿತು. ಸಮಿತಿ ತೀರ್ಮಾನಿಸುವವರೆಗೆ ಗುಂಡನಿಂದ ವಾಹನದ ಕೀಲಿ ಕಿತ್ತುಕೊಂಡು ಪೆಟ್ಟಿಗೆಗಳಿಗೆ ಚೀಟಿ ಅಂಟಿಸಲು ಕೂರಿಸಿದರು.

"ತಪ್ಪು ನಂದೇ ಅಂತಾದ್ರೆ ಕೀಲಿ ವಾಪಸ್ ಬರಲ್ಲ ಸಾರ್," ಎಂದ. ದನಿ ಸಣ್ಣಗಾಗಿತ್ತು. ಅವನ ಪರವಾಗಿ ಹನ್ನೆರಡು ಪುಟ ಜಡಿದೆ. ಅದರಲ್ಲಿ ಒಂದು ಪುಟ ಪೂರ್ತಿ ಅಂದು ಬರಲಿದ್ದ ಅತಿಥಿಗಳ ಸಡಗರ: ಹೂಕುಂಡಗಳು, ಬಾಗಿಲಿಗೆ ಹಾಸಿದ ಜಮಖಾನ, ಮ್ಯಾನೇಜರರ ಹೊಸ ಕೋಟು. ಅದರ ನಡುವೆ ಒಂದು ಸಾಲು: ದಿನಾ ಊಟದ ವಿರಾಮದಲ್ಲಿ, ವಾಹನಗಳು ನಿಂತಿರುವಾಗ ತೊಳೆಯುವ ನೆಲವನ್ನು ಅಂದು ಬೆಳಗ್ಗೆಯೇ ತೊಳೆಸಲಾಯಿತು.

ಕತ್ತರಿ ಅಕ್ಕ ಕೋಟು, ಜಮಖಾನಗಳ ಜೊತೆ ಆ ಸಾಲನ್ನೂ ಕತ್ತರಿಸಿಬಿಟ್ಟಳು. ಪರಿಹಾರಗಳಲ್ಲಿ ನಾನು ಬರೆದಿದ್ದ "ವಿರಾಮದಲ್ಲಿ ಮಾತ್ರ ತೊಳೆಯಬೇಕು" ಎಂಬುದನ್ನೂ, ಅದು ಇರುವ ನಿಯಮವೇ ತಾನೆ ಎಂದು ಕೈಬಿಟ್ಟಳು. ಉಳಿದದ್ದು ಹೀಗೆ. ಕಾರಣ: ಒದ್ದೆ ನೆಲದಲ್ಲಿ ವಾಹನ ತಿರುಗಿಸಿದ್ದು. ಕ್ರಮ: ಚಾಲಕನಿಗೆ ಮರುತರಬೇತಿ.

ಆದರೆ ಆಕೆಗೊಂದು ಒಳ್ಳೆಯ ಅಭ್ಯಾಸವಿದೆ. ಬರೆದದ್ದನ್ನು, ಘಟನೆಯ ಗಂಧಗಾಳಿ ಇಲ್ಲದವರೊಬ್ಬರಿಗೆ ಓದಿ ಹೇಳುತ್ತಾಳೆ. ಅಂದು ಸಿಕ್ಕವರು ಕ್ಯಾಂಟೀನಿನ ಅಡುಗೆಯವರು. ಅವರೂ ಸಮಿತಿಯ ಸದಸ್ಯರೇ, ಆದರೆ ಗೋದಾಮಿನತ್ತ ತಲೆ ಹಾಕಿದವರಲ್ಲ. ಈರುಳ್ಳಿ ಹೆಚ್ಚುತ್ತಾ ಕೇಳಿಸಿಕೊಂಡು, "ಅಲ್ಲಮ್ಮಾ, ಗೋದಾಮಿನೊಳಗೆ ಹೊಳೆಗಿಳೆ ಹರೀತಿತ್ತಾ? ನೆಲ ಒದ್ದೆ ಮಾಡಿದ್ಯಾರು?" ಎಂದರು.

ಅಕ್ಕ ಹಣೆ ಚಚ್ಚಿಕೊಂಡಳು. ಅಲ್ಲಿಂದ ನನ್ನ ಮೇಜಿಗೆ ಓಡಿಯೇ ಬಂದಳು.

"ಅಣ್ಣಾ, ನಿಮ್ಮ ಕೋಟು ಕತ್ತರಿಸೋಕೆ ಹೋಗಿ ಕಾರಣಾನೇ ಕತ್ತರಿಸಿಬಿಟ್ಟೆ!"

"ನೋಡಿದ್ಯಾ? ನನ್ನ ಕೋಟಿಗೂ ಬೆಲೆ ಇದೆ," ಎಂದೆ. ಎದೆ ಉಬ್ಬಿತ್ತು.

"ಕೋಟಿಗಿಲ್ಲ, ಆ ಸಾಲಿಗಿದೆ. ಅದನ್ನ ಬಟ್ಟೆ ಗಂಟಲ್ಲಿ ಬಚ್ಚಿಟ್ರೆ ಯಾರಿಗೆ ಕಾಣತ್ತೆ?"

ಇಬ್ಬರೂ ಕೂತು ಸರಿಪಡಿಸಿದೆವು. ಬೆಳಗ್ಗೆ ನೆಲ ತೊಳೆದದ್ದು, ದಾರಿಗೆ ಅಡ್ಡಗಟ್ಟು ಹಾಕದ್ದು, ವಾಹನ ಜಾರಿದ್ದು, ಪೆಟ್ಟಾದವಳಿಗೆ ಚಿಕಿತ್ಸೆ ಕೊಟ್ಟದ್ದು, ಎಲ್ಲ ಹೊತ್ತಿನ ಸಮೇತ ಸಾಲಾಗಿ ಬಂದವು. ವೇಗ ಮಿತಿಯೊಳಗಿತ್ತು ಎಂಬ ಸಾಕ್ಷಿಯ ಮಾತೂ ಬಂತು. ಕಾರಣ: ವಾಹನಗಳು ಓಡಾಡುವ ಹೊತ್ತಿನಲ್ಲಿ ದಾರಿ ಮುಚ್ಚದೆ ತೊಳೆದದ್ದು. ಕ್ರಮ: ತೊಳೆಯುವ ಹೊತ್ತು ಬದಲಿಸಬೇಕಾದರೆ ಸುರಕ್ಷತಾ ವಿಭಾಗದ ಲಿಖಿತ ಒಪ್ಪಿಗೆ, ನೆಲ ಒಣಗುವವರೆಗೆ ಅಡ್ಡಗಟ್ಟು. ಪ್ರತಿಯೊಂದರ ಮುಂದೆ ಹೊಣೆ ಯಾರದು, ಯಾವ ದಿನದೊಳಗೆ ಎಂದೂ ಬರೆದಳು. ಆಗಲೂ ಒಂದೇ ಪುಟ!

ಸಮಿತಿಯಲ್ಲಿ ಓದು ಮುಗಿದಾಗ ಮ್ಯಾನೇಜರರು ಕೆಮ್ಮಿದರು. "ಬೆಳಗ್ಗೆನೇ ತೊಳೀರಿ ಅಂದಿದ್ದು ನಾನೇ ಕಣ್ರಪ್ಪ. ಮೊದಲನೇ ಕ್ರಮದ ಹೊಣೆ ನಂದು ಅಂತ ಬರ್ಕೊಳ್ಳಿ." ಆ ಮಾತಿಗೆ ಅವರ ಮೇಲೆ ನನಗೆ ನಿಜಕ್ಕೂ ಪ್ರೀತಿ ಬಂತು. ಗುಂಡನ ಕೀಲಿ ಅಂದೇ ವಾಪಸಾಯಿತು.

ಪುಟವನ್ನು ವಾಡಿಕೆಯಂತೆ ಸೂಚನಾ ಫಲಕಕ್ಕೆ ಅಂಟಿಸಿದರು. ಗುಂಡ ಮೇಲಿನಿಂದ ಕೆಳಗೆ ಓದಿ ಮುಖ ಸಣ್ಣಗೆ ಮಾಡಿದ. "ಅಕ್ಕಾ, ಎಲ್ಲರೂ ಸರೀರಿ ಅಂತ ನಾನು ಕಿರುಚಿದ್ದೇ ಇಲ್ವಲ್ಲ? ಸಾರ್ ಒಂದು ಪುಟ ಬರ್ದಿದ್ರಂತೆ!"

"ಕಾರಣ ಅಂತ ಇದ್ಯಲ್ಲ, ಅದನ್ನ ಇನ್ನೊಂದ್ಸಲ ಓದೋ," ಎಂದಳು ಅಕ್ಕ.

ಓದಿದ. ಮತ್ತೆ ಓದಿದ. ಆಮೇಲೆ ಫೋನು ತೆಗೆದು ಆ ಪುಟದ ಫೋಟೊ ಹಿಡಿದ.

"ಅಮ್ಮ ಆವತ್ತಿಂದ ಸರಿಯಾಗಿ ಊಟ ಮಾಡಿಲ್ಲ ಅಕ್ಕಾ," ಎಂದ. "ಕಾರಣದಲ್ಲಿ ನಾನಿಲ್ಲ ಅಂತ ತೋರಿಸ್ಬೇಕು."