ಎದ್ದು ಕಾಣುವ ಐದು ಹೆಸರು

ಬಬಲೇಶ್ವರದಲ್ಲಿ ನಾನು ಅಕ್ಕ ಎನ್ನುವ ಹೆಂಗಸೊಬ್ಬರು ಅಗಸಿ ಹಿಂಡಿ ಮಾಡಿ ಮಾರುತ್ತಾರೆ. ಅಗಸಿ ಅಂದರೆ ಅಗಸೆ ಬೀಜ, ಹಿಂಡಿ ಅಂದರೆ ನಮ್ಮ ಕಡೆಯ ಚಟ್ನಿಪುಡಿ. ರೊಟ್ಟಿಯ ಮಗ್ಗುಲಲ್ಲಿ ಅದಿಲ್ಲದಿದ್ದರೆ ನಮಗೆ ಊಟ ಇಳಿಯುವುದಿಲ್ಲ. ಅದನ್ನು ಆನ್‌ಲೈನ್ ಅಂಗಡಿಗೆ ಏರಿಸುವುದು, ಫೋಟೊ ತೆಗೆಯುವುದು, ಫೋಟೊದ ಮೇಲೆ ಅಕ್ಷರ ಕೂರಿಸುವುದು, ಗಿರಾಕಿಗಳು ಕೇಳಿದ್ದಕ್ಕೆ ಉತ್ತರ ಬರೆಯುವುದು ನನ್ನ ಕೆಲಸ. ವಿಜಯಪುರದಲ್ಲಿ ಗೋಳಗುಮ್ಮಟದ ಹತ್ತಿರದ ಓಣಿಯಲ್ಲಿ ಒಂದು ಕೋಣೆ, ಒಂದು ಕಂಪ್ಯೂಟರ್, ಒಂದು ಬಿಳಿ ಬಟ್ಟೆ, ಎರಡು ದೀಪ. ಇಷ್ಟರಲ್ಲೇ ನಾನು ಹತ್ತಾರು ಮಂದಿಯ ಸರಕು ನೋಡಿಕೊಳ್ಳುತ್ತೇನೆ.

ಅದಕ್ಕೂ ಮೊದಲು ಫ್ಲೆಕ್ಸ್ ಅಂಗಡಿಯಲ್ಲಿ ಬಹಳ ವರ್ಷ ಕೂತವಳು ನಾನು. ಹುಟ್ಟುಹಬ್ಬದ ಬ್ಯಾನರಿನಲ್ಲಿ ಬೆರಳಗಲ ಜಾಗ ಖಾಲಿ ಬಿಟ್ಟರೂ ಗಿರಾಕಿ ಜಗಳಕ್ಕೆ ನಿಲ್ಲುತ್ತಿದ್ದ. ಆ ಚಟವನ್ನೇ ಇಲ್ಲಿಗೂ ಹೊತ್ತು ತಂದೆ. ಅಕ್ಕನ ಹಿಂಡಿಯ ಮೊದಲ ಚಿತ್ರದಲ್ಲೇ ಪಾಕೀಟಿನ ಸುತ್ತ ಹಸಿರು ಎಲೆ, ಮೇಲೊಂದು ಕೆಂಪು ಪಟ್ಟಿ, ಪಟ್ಟಿಯ ಮೇಲೆ 'ಮನೆಯ ರುಚಿ' ಎಂದು ಬರೆದೆ. ಆನ್‌ಲೈನ್ ಅಂಗಡಿಯವರು ಆ ಸರಕನ್ನೇ ಹುಡುಕಾಟದಿಂದ ತೆಗೆದುಹಾಕಿದರು. ಮೊದಲ ಚಿತ್ರದಲ್ಲಿ ಅಚ್ಚ ಬಿಳಿ ಹಿನ್ನೆಲೆ ಇರಬೇಕು, ಚೌಕದ ಬಹುಪಾಲನ್ನು ಪಾಕೀಟು ತುಂಬಿರಬೇಕು, ಮೇಲೆ ಒಂದಕ್ಷರವೂ ಇರಕೂಡದು. ಬರೆಯುವುದೇನಿದ್ದರೂ ಎರಡನೆಯ ಚಿತ್ರದಿಂದ. ಅಲ್ಲಿಯೂ ಬೆಲೆ, ರಿಯಾಯಿತಿ, ಫೋನ್ ನಂಬರು, 'ನಂಬರ್ ಒನ್' ಎಂಬ ಜಂಬ, 'ಸಕ್ಕರೆ ಕಾಯಿಲೆ ವಾಸಿ' ಎಂಬ ಸುಳ್ಳು ಯಾವುದೂ ನಡೆಯುವುದಿಲ್ಲ. ನಾಲ್ಕು ದಿನ ಅವರನ್ನು ಬೈದುಕೊಂಡೆ. ಆಮೇಲೆ ನಿಯಮಗಳನ್ನು ಕುಳಿತು ಓದಿದೆ.

ಎರಡನೆಯ ಚಿತ್ರ ಹಿಂಡಿಯಲ್ಲಿ ಏನೇನಿದೆ ಎಂದು ತೋರಿಸುವಂಥದ್ದು. ಎರಡು ಸಾವಿರ ಪಿಕ್ಸೆಲ್ಲಿನ ಚೌಕದಲ್ಲಿ ನಡುವೆ ಹಿಂಡಿಯ ಬಟ್ಟಲು, ಸುತ್ತ ಒಂಬತ್ತು ಹೆಸರು, ಪ್ರತಿ ಹೆಸರಿನ ಕೆಳಗೆ ಒಂದು ಸಾಲು ವರ್ಣನೆ. ಕಂಪ್ಯೂಟರಿನಲ್ಲಿ ಚೆಂದವೋ ಚೆಂದ. ಬಬಲೇಶ್ವರಕ್ಕೆ ಹೋಗಿ ಅಕ್ಕನ ಫೋನಿನಲ್ಲಿ ತೋರಿಸಿದೆ. ಅವರದು ಅಂಗೈಗಿಂತ ಸಣ್ಣ ಫೋನು, ಗಾಜು ಬೇರೆ ಒಡೆದಿತ್ತು. ಅವರು ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಬಾಗಿಲ ಬೆಳಕಿಗೆ ಒಯ್ದರು.

"ಇದೇನ ಬೇ ತಂಗಿ, ಇರಿವಿ ಸಾಲು ಹೊಂಟಂಗ ಕಾಣ್ತೈತಿ. ಒಂದರ ಅಕ್ಷರ ತಿಳೀಬೇಕಲ್ಲ?"

ಅವರು ಹೇಳಿದ್ದು ನಿಜ. ಅಷ್ಟು ದೊಡ್ಡ ಚೌಕ ಫೋನಿಗೆ ಬರುವಾಗ ಐದಾರು ಪಟ್ಟು ಕುಗ್ಗುತ್ತದೆ. ನಾನಿಟ್ಟ ಅಕ್ಷರ ಅಲ್ಲಿ ಧೂಳಾಗಿತ್ತು. ನೂರು ಪಿಕ್ಸೆಲ್ಲಿಗಿಂತ ಸಣ್ಣ ಅಕ್ಷರ ಇಡಬಾರದೆಂದು ಅಲ್ಲೇ ತೀರ್ಮಾನಿಸಿದೆ. ಹಿಂಡಿಯ ಕೆಂಪಿನ ಮೇಲೆ ನೇರ ಬರೆಯದೆ ಬಿಳಿ ಪಟ್ಟಿಯ ಮೇಲೆ ಕಪ್ಪು ಅಕ್ಷರ. ಮೂಲೆಗಳಲ್ಲಿ ಆ್ಯಪಿನವರ ಹೃದಯದ ಗುರುತು ಬಂದು ಕೂರುತ್ತದೆ, ಆದ್ದರಿಂದ ಅಂಚು ಖಾಲಿ. ಹೀಗೆ ಮಾಡಿದರೆ ಐದೇ ಹೆಸರು ಹಿಡಿಯುತ್ತಿದ್ದವು. ನಾಲ್ಕನ್ನು ಬಿಡಬೇಕಿತ್ತು.

"ಯಾವ ನಾಲ್ಕು ಬಿಡೂಣ್ರಿ ಅಕ್ಕಾರ?"

ಅಕ್ಕ ಬೆರಳು ಮಡಚಿದರು. "ಕರಿಬೇವು ಬಿಡು, ಹುಣಸಿಹಣ್ಣ ಬಿಡು, ಬೆಲ್ಲ ಬಿಡು. ಶೇಂಗಾ ಏನ ಬರೀತಿ? ಒಂದ ಹಿಡಿ ಶೇಂಗಾ ಎಲ್ಲಾರ ಮನಿ ಹಿಂಡ್ಯಾಗೂ ಬಿದ್ದಿರ್ತೈತಿ. ಅದನ್ನ ಯಾರರ ಹೇಳ್ತಾರೇನ?"

ನನಗೂ ಅದು ಸರಿಯೆನಿಸಿತು. ನಮ್ಮ ಮನೆಗಳಲ್ಲಿ ಶೇಂಗಾ, ಅಂದರೆ ಕಡಲೆಕಾಯಿ, ಇದ್ದೇ ಇರುವ ಸಾಮಾನು. ಪಲ್ಯಕ್ಕೂ ಅದರ ಪುಡಿ, ಹೋಳಿಗೆಗೂ ಅದೇ. ಪಾಕೀಟಿನ ಬೆನ್ನ ಮೇಲೆ ಒಂಬತ್ತೂ ಅಚ್ಚಾಗಿದ್ದವು. ಸರಕಿನ ವಿವರದಲ್ಲೂ ಬರೆದಿದ್ದೆ, ನಾಲ್ಕು ಸಲ ಬೆರಳಾಡಿಸಿದರೆ ಕಾಣುವಷ್ಟು ಕೆಳಗೆ. ಚಿತ್ರದಲ್ಲಿ ಮಾತ್ರ ಅಗಸಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಉಪ್ಪು ಇಷ್ಟೇ ಉಳಿದವು. ಹೊಸ ಚಿತ್ರ ಮಾಡಿ ಒಯ್ದಾಗ ಅಕ್ಕ ಫೋನನ್ನು ಕಟ್ಟೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ನಿಂತು ಐದನ್ನೂ ಓದಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ವಿಜಯಪುರಕ್ಕೆ ಬರುವವರೆಗೂ ಸ್ಕೂಟಿಯ ಮೇಲೆ ಒಬ್ಬಳೇ ನಗುತ್ತಿದ್ದೆ.

ಮೂರು ವಾರ ಕಳೆದಿರಬೇಕು. ತಿಕೋಟಾದಲ್ಲಿ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಫೋಟೊ ತೆಗೆಯುತ್ತಿದ್ದೆ. ಜಾಲರಿಯ ಮೇಲೆ ಹಸಿರು ಮಣುಕ ಹರಡಿತ್ತು, ಮಧ್ಯಾಹ್ನದ ಗಾಳಿ ಸಿಹಿಯಾಗಿತ್ತು. ಅಂಗಡಿಯ ಆ್ಯಪಿನಲ್ಲಿ ಒಂದು ಸಂದೇಶ ಬಂತು. ಮೈಸೂರಿನ ಗಿರಾಕಿ, ಒಬ್ಬ ತಾಯಿ.

'ಇವತ್ತು ಬೆಳಿಗ್ಗೆ ಪಾರ್ಸೆಲ್ ಬಂತಂತೆ, ಧನ್ಯವಾದ. ನಮ್ಮ ಮಗಳಿಗೆ ಕಡಲೆಕಾಯಿ ಸ್ವಲ್ಪವೂ ಆಗುವುದಿಲ್ಲ, ಹೋದ ವರ್ಷ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದ್ದೆವು. ಬಹಳ ಹುಡುಕಿ ನಿಮ್ಮದನ್ನು ಆರಿಸಿದೆ. ಇದನ್ನು ಫ್ರಿಜ್ಜಿನಲ್ಲಿ ಇಡಬೇಕೆ?'

ಕ್ಯಾಮೆರಾ ಕೈಯಿಂದ ಜಾರಿ ಜಾಲರಿಯ ಮೇಲೆ ಬಿತ್ತು. ಅಲ್ಲೇ ನೆಲಕ್ಕೆ ಕುಳಿತು ಉತ್ತರ ಬರೆದೆ. 'ಇದರಲ್ಲಿ ಶೇಂಗಾ, ಅಂದರೆ ಕಡಲೆಕಾಯಿ ಇದೆ. ದಯವಿಟ್ಟು ಮಗುವಿಗೆ ಕೊಡಬೇಡಿ. ಕೊಟ್ಟಿದ್ದರೆ ಈಗಲೇ ಆಸ್ಪತ್ರೆಗೆ ಹೋಗಿ.' ಕಳಿಸಿದೆ. ಉತ್ತರವಿಲ್ಲ. ಇನ್ನೊಮ್ಮೆ ಕಳಿಸಿದೆ. ಅವರ ಫೋನ್ ನಂಬರು ನಮಗೆ ಕಾಣುವುದಿಲ್ಲ, ಅಂಗಡಿಯವರು ಮುಚ್ಚಿಟ್ಟಿರುತ್ತಾರೆ. ಅವರ ಸಹಾಯವಾಣಿಗೆ ಫೋನ್ ಹಚ್ಚಿದೆ. ನಂಬರು ಕೊಡಲು ಬರುವುದಿಲ್ಲ, ಗಿರಾಕಿಗೆ ವಿಷಯ ಮುಟ್ಟಿಸಲು ಪ್ರಯತ್ನಿಸುತ್ತೇವೆ ಎಂದು ಒಬ್ಬಾಕೆ ಮೆತ್ತಗೆ ಹೇಳಿದಳು. ಯಾವಾಗ ಎಂದು ನಾನು ಕಿರುಚಿದೆ. ಶೆಡ್ಡಿನ ಹೆಣ್ಣುಮಕ್ಕಳು ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಚಿತ್ರ ಬದಲಿಸೋಣವೆಂದರೆ ಹೊಸದು ಎಲ್ಲರಿಗೂ ಕಾಣಲು ಗಂಟೆಗಟ್ಟಲೆ ಹಿಡಿಯುತ್ತದೆ. ಮೊದಲು ಆ್ಯಪಿನಲ್ಲಿ ಹಿಂಡಿಯ ದಾಸ್ತಾನನ್ನು ಸೊನ್ನೆ ಮಾಡಿದೆ, ಇನ್ನೊಬ್ಬರು ಕೊಳ್ಳದಿರಲೆಂದು. ಆಮೇಲೆ ಸ್ಕೂಟಿ ಹತ್ತಿ ಬಬಲೇಶ್ವರದ ದಾರಿ ಹಿಡಿದೆ. ಹೋಗಿ ಮಾಡುವುದೇನಿತ್ತೋ ನನಗೆ ಗೊತ್ತಿರಲಿಲ್ಲ. ಒಬ್ಬಳೇ ಇರಲು ಭಯವಾಗಿತ್ತು, ಅಷ್ಟೇ. ದಾರಿಯಲ್ಲಿ ಮೂರು ಸಲ ನಿಲ್ಲಿಸಿ ಫೋನು ನೋಡಿದೆ. ಆ ಮಗುವಿನ ವಯಸ್ಸೆಷ್ಟೋ, ಹೆಸರೇನೋ, ಏನೂ ತಿಳಿಯದು. ಆದರೂ ಅದು ತುತ್ತು ಬಾಯಿಗಿಡುವುದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ಅಕ್ಕ ಮೊರದಲ್ಲಿ ಅಗಸಿ ಹಸನು ಮಾಡುತ್ತಿದ್ದರು. ನನ್ನ ಮುಖ ನೋಡಿ, "ಯಾಕ ಬೇ, ಯಾರಿಗೇನಾತು?" ಎಂದರು. ಹೇಳಿದೆ.

"ಶೇಂಗಾ ತಿಂದ್ರ ಯಾರರ ಸಾಯ್ತಾರೇನ? ಸುಳ್ಳ ಹೇಳಬ್ಯಾಡ."

"ಸಾಯ್ತಾರ್ರಿ ಅಕ್ಕಾರ. ಕೆಲವು ಹುಡುಗೂರಿಗೆ ಗಂಟ್ಲ ಬಾತು ಉಸರ ನಿಂತಬಿಡ್ತೈತಿ. ಆ ಹುಡುಗಿಗೂ ಹೋದ ವರ್ಷ ಹಂಗ ಆಗಿತ್ತಂತ."

ಅಕ್ಕ ಮೊರ ಕೆಳಗಿಟ್ಟರು. "ನಾನ ಬಿಡಂದೆ. ನೀ ಮೊದ್ಲ ಬರದಿದ್ದಿ," ಎಂದರು. ಅವರ ದನಿ ಸಣ್ಣಗಾಗಿತ್ತು. ನಾನು ಅವರ ಪಕ್ಕ ಕುಳಿತೆ. ಫೋನನ್ನು ಇಬ್ಬರ ನಡುವೆ ಕಟ್ಟೆಯ ಮೇಲಿಟ್ಟೆವು, ಅಂದು ಅಕ್ಷರ ಓದಿದ ಅದೇ ಕಟ್ಟೆ. ಚಹಾ ಮಾಡಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಅಲ್ಲಿ ಕುಳಿತಾಗ ನನಗೊಂದು ವಿಷಯ ಹೊಳೆದು ಇನ್ನಷ್ಟು ಹೆದರಿಕೆಯಾಯಿತು. ಇರುವೆ ಸಾಲಿನ ಹಳೆಯ ಚಿತ್ರವೇ ಇದ್ದಿದ್ದರೆ ಆ ತಾಯಿ ಅದನ್ನು ನಂಬುತ್ತಿರಲಿಲ್ಲ. ಓದಲಾಗದ್ದನ್ನು ಯಾರೂ ನಂಬುವುದಿಲ್ಲ. ಹಿಗ್ಗಿಸಿ ನೋಡುತ್ತಾರೆ, ಕೆಳಗಿಳಿದು ವಿವರ ಓದುತ್ತಾರೆ. ನಾನು ಐದು ಹೆಸರನ್ನು ಢಾಳಾಗಿ ಬರೆದು, ಇಷ್ಟೇ ಇರುವುದು, ಬೇರೇನೂ ಇಲ್ಲ ಎಂದು ಅವರಿಗೆ ಮಾತು ಕೊಟ್ಟಂತಾಗಿತ್ತು.

ನಾಲ್ಕೂವರೆಯ ಹೊತ್ತಿಗೆ ಫೋನು ಸದ್ದು ಮಾಡಿತು. ತೆಗೆಯಲು ಧೈರ್ಯ ಸಾಲಲಿಲ್ಲ. ಅಕ್ಕನೇ ಎತ್ತಿ ನನ್ನ ಕೈಗೆ ಕೊಟ್ಟು, "ಓದು, ಏನಿದ್ರೂ ಓದು," ಎಂದರು.

'ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದೆ. ಮನೆಗೆ ಫೋನ್ ಮಾಡಿದೆ. ಅತ್ತೆ ನಿಮ್ಮ ಹಿಂಡಿಯನ್ನು ದೋಸೆಗೆ ಸವರಿ ತಟ್ಟೆಯಲ್ಲಿ ಇಟ್ಟಿದ್ದರು. ಶಾಲೆಯ ವ್ಯಾನು ಕೆಟ್ಟು ಮಗಳು ಇನ್ನೂ ಬಂದಿರಲಿಲ್ಲ. ಎಲ್ಲ ಚೆಲ್ಲಿಸಿದೆ. ನಿಮ್ಮ ಚಿತ್ರದಲ್ಲಿ ಅಕ್ಷರ ಅಷ್ಟು ಚೆನ್ನಾಗಿ ಕಾಣುತ್ತಿತ್ತು, ಅದಕ್ಕೇ ನಂಬಿದೆ.'

ಜೋರಾಗಿ ಓದಿದೆ. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ. ಕೊನೆಯ ಸಾಲನ್ನು ಮಾತ್ರ ಎರಡನೆಯ ಸಲ ಓದಲು ನನ್ನಿಂದಾಗಲಿಲ್ಲ. ಯಾರಾದರೂ ಹಾಗೆ ಹೊಗಳಲಿ ಎಂದು ಎಷ್ಟು ದಿನದಿಂದ ಕಾದಿದ್ದೆ ನಾನು.

ಕಣ್ಣೊರೆಸಿಕೊಂಡು ಅಕ್ಕ ಕೇಳಿದರು, "ಉಳಕೀದವ್ರು?"

ನನಗೆ ಅರ್ಥವಾಗಲಿಲ್ಲ.

"ಈಕಿ ಕೇಳಿದ್ಲು. ಕೇಳಲಾರದವ್ರು ಎಷ್ಟ ಮಂದಿ ಅದಾರ ಬೇ?"

ಆ ಮೂರು ವಾರದಲ್ಲಿ ನಲವತ್ತೊಂದು ಪಾರ್ಸೆಲ್ ಹೋಗಿದ್ದವು. ಆ ಸಂಜೆ ಅಕ್ಕನ ಕಟ್ಟೆಯ ಮೇಲೆಯೇ ಕುಳಿತು ಒಂದೊಂದು ಆರ್ಡರ್ ತೆರೆದು ಎಲ್ಲರಿಗೂ ಬರೆದೆ: ಇದರಲ್ಲಿ ಶೇಂಗಾ ಇದೆ, ಚಿತ್ರದಲ್ಲಿ ಬರೆಯದೆ ತಪ್ಪು ಮಾಡಿದ್ದೇವೆ, ಆಗದವರು ತಿನ್ನಬೇಡಿ, ದಯವಿಟ್ಟು ಒಂದು ಉತ್ತರ ಕೊಡಿ. ವಾರದೊಳಗೆ ಬಹಳ ಮಂದಿ ಬರೆದರು. ಕೆಲವರು ನಕ್ಕರು, ಕೆಲವರು ಬೈದರು. ಅವರು ಬೈದರೂ ನನಗೆ ನೆಮ್ಮದಿಯೇ ಆಗುತ್ತಿತ್ತು.

ಈಗ ಎರಡನೆಯ ಚಿತ್ರದಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ 'ಶೇಂಗಾ (ಕಡಲೆಕಾಯಿ) ಇದೆ' ಎಂದಿದೆ. ಒಂಬತ್ತು ಹೆಸರನ್ನೂ ಎರಡು ಚಿತ್ರಗಳಿಗೆ ಹಂಚಿದ್ದೇನೆ. ಒಂದರಲ್ಲಿ ಹಿಡಿಯದಿದ್ದರೆ ಇನ್ನೊಂದು ಮಾಡುತ್ತೇನೆ, ಹೆಸರು ಬಿಡುವುದಿಲ್ಲ. ಅಕ್ಕ ಈಗಲೂ ಎರಡು ಹೆಜ್ಜೆ ಹಿಂದೆ ನಿಂತು ಓದಿ ಹೇಳಿದ ಮೇಲೆಯೇ ಏರಿಸುವುದು.

ನಲವತ್ತೊಂದರಲ್ಲಿ ನಾಲ್ವರು ಮಾತ್ರ ಇದುವರೆಗೂ ಉತ್ತರಿಸಿಲ್ಲ. ಬಹುಶಃ ಸಂದೇಶ ನೋಡಿಯೇ ಇರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹಗಲು ಅದು ಸಾಕಾಗುತ್ತದೆ, ಮಲಗಿದಾಗ ಸಾಕಾಗುವುದಿಲ್ಲ. ಬಬಲೇಶ್ವರಕ್ಕೆ ಹೋದಾಗ ಅಕ್ಕ ಮೊದಲಿನ ಹಾಗೆ ಆರ್ಡರ್ ಎಷ್ಟು ಬಂದವೆಂದು ಕೇಳುವುದಿಲ್ಲ. ನಾನು ಸ್ಕೂಟಿ ನಿಲ್ಲಿಸುವ ಮೊದಲೇ ಬಾಗಿಲಿಗೆ ಬರುತ್ತಾರೆ.

"ಆ ನಾಕ ಮಂದಿ ಏನರ ಬರದ್ರೇನ ಬೇ?"

"ಇಲ್ರಿ ಅಕ್ಕಾರ," ಎನ್ನುತ್ತೇನೆ.